ಕೇಸ್ ಶೀಟಿನ ಎರಡು 'ವಾ': ವೈದ್ಯರ ಕೈಬರಹವನ್ನು ವಿಂಗಡಿಸುವ ಕೆಲಸದಿಂದ

ಆಯುರ್ವೇದ ವೈದ್ಯರು ಕೈಯಲ್ಲಿ ಬರೆದ ಕೇಸ್ ಶೀಟುಗಳನ್ನು ಓದಿ, ಅದರಲ್ಲಿರುವುದನ್ನು ಪ್ರಕೃತಿ, ರೋಗಿಯ ದೂರು, ಪರೀಕ್ಷೆಯಲ್ಲಿ ಕಂಡದ್ದು ಮತ್ತು ಕೊಟ್ಟ ಔಷಧಿ ಎಂದು ನಾಲ್ಕು ಭಾಗಗಳಾಗಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಅಕ್ಷರ ಅರ್ಥವಾಗದಿರುವುದೇ ಇಲ್ಲಿನ ದೊಡ್ಡ ತೊಡಕು ಎಂದು ಹೊರಗಿನವರು ಭಾವಿಸುತ್ತಾರೆ. ಆದರೆ ಸ್ಪಷ್ಟವಾಗಿ ಓದಲು ಬಂದ ಅಕ್ಷರವನ್ನು ತಪ್ಪು ಅಂಕಣದಲ್ಲಿ ಕೂರಿಸುವುದೇ ಹೆಚ್ಚು ಅಪಾಯ, ಏಕೆಂದರೆ ಅಂತಹ ತಪ್ಪು ನೋಡುವವರ ಕಣ್ಣಿಗೆ ತಪ್ಪಿನಂತೆ ಕಾಣುವುದಿಲ್ಲ.

ಕೀಲುಗಳು ಊದಿ ನೋಯುವ ಆಮವಾತ ಎಂಬ ರೋಗಕ್ಕೆ ಚಿಕಿತ್ಸೆ ಪಡೆದ ಮಧ್ಯವಯಸ್ಸಿನ ಮಹಿಳೆಯೊಬ್ಬರ ಹಾಳೆಯನ್ನು, ಗುರುತುಗಳನ್ನು ತೆಗೆದು, ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹಾಳೆಯ ಮೇಲ್ಭಾಗದಲ್ಲಿ 'ಪ್ರ: ವಾ-ಪಿ' ಎಂದಿದೆ. ಅರ್ಧ ಪುಟ ಕೆಳಗೆ 'ನಾಡಿ: ವಾ-ಕ' ಎಂದಿದೆ. ಮೊದಲನೆಯದು ವಾತ-ಪಿತ್ತ ಪ್ರಕೃತಿ; ಅದು ಹುಟ್ಟಿನಿಂದ ಬಂದದ್ದು, ವ್ಯಕ್ತಿಗೆ ಸೇರಿದ್ದು. ಎರಡನೆಯದು ವಾತ-ಕಫ, ಅಂದಿನ ದಿನ ವೈದ್ಯರ ಬೆರಳಿಗೆ ಸಿಕ್ಕ ನಾಡಿ. ಅದು ರೋಗದ ಸ್ಥಿತಿಯನ್ನು, ಅಂದರೆ ವಿಕೃತಿಯನ್ನು ಹೇಳುತ್ತದೆ ಮತ್ತು ಆ ಭೇಟಿಗೆ ಮಾತ್ರ ಸೇರಿದ್ದು. ಹೊಸಬರು ಎರಡರಲ್ಲೂ 'ವಾ' ಕಂಡು, ಜೊತೆಗೆ ರೋಗದ ಹೆಸರಿನಲ್ಲೂ 'ವಾತ' ಕಂಡು, ಪ್ರಕೃತಿಯ ಅಂಕಣದಲ್ಲಿ ಬರೀ 'ವಾತ' ಎಂದು ತುಂಬಿಬಿಡುತ್ತಾರೆ. ಆದ್ದರಿಂದ ನಮ್ಮಲ್ಲಿ ಪ್ರಕೃತಿಯನ್ನು ರೋಗಿಯ ಮೂಲ ದಾಖಲೆಯಲ್ಲೂ, ನಾಡಿಯನ್ನು ದಿನಾಂಕವಿರುವ ಭೇಟಿಯ ದಾಖಲೆಯಲ್ಲೂ ಇಟ್ಟಿದ್ದೇವೆ. ಒಬ್ಬರೇ ರೋಗಿಯ ಪ್ರಕೃತಿ ಭೇಟಿಯಿಂದ ಭೇಟಿಗೆ ಬದಲಾಗುತ್ತಿದ್ದರೆ, ಎಲ್ಲೋ ನಾಡಿಯನ್ನು ಪ್ರಕೃತಿಯೆಂದು ಬರೆದಿರಬಹುದೆಂದು ಹಳೆಯ ಹಾಳೆಗಳನ್ನು ತೆಗೆದು ನೋಡುತ್ತೇವೆ.

ದೂರು ಮತ್ತು ಪರೀಕ್ಷೆಯ ನಡುವಿನ ಗೆರೆ ಇಷ್ಟು ನೇರವಲ್ಲ. 'ಬೆರಳಿನ ಗಂಟು, ಮೊಣಕಾಲು ನೋವು, ಊತ 6 ತಿಂಗಳು, ಬೆಳಿಗ್ಗೆ ಬಿಗಿತ, ಊಟ ಸೇರುವುದಿಲ್ಲ' ಎಂಬುದು ರೋಗಿಯ ಮಾತು. 'ಜಿಹ್ವಾ: ಲಿಪ್ತ, ಸ್ಪರ್ಶ: ಸಂಧಿ ಉಷ್ಣ, ಶೋಥ, ಅಗ್ನಿ: ಮಂದ' ಎಂಬುದು ವೈದ್ಯರು ಕಂಡದ್ದು: ನಾಲಿಗೆಯ ಮೇಲೆ ಲೇಪ, ಮುಟ್ಟಿದರೆ ಗಂಟು ಬಿಸಿ, ಊತ, ಜೀರ್ಣಶಕ್ತಿ ಮಂದ. ಊತ ಎರಡೂ ಕಡೆ ಬಂದಿದೆಯೆಂದು ಒಂದನ್ನು ಅಳಿಸಬಾರದು. ರೋಗಿ ಹೇಳಿದ ಊತಕ್ಕೆ ಅವಧಿಯಿದೆ, ವೈದ್ಯರು ಮುಟ್ಟಿ ನೋಡಿದ ಊತಕ್ಕೆ ಬಿಸಿಯ ವಿವರವಿದೆ. ಮುಂದಿನ ಭೇಟಿಯಲ್ಲಿ ನೋವು ಇಳಿದಿದೆಯೆಂದು ರೋಗಿ ಹೇಳಿಯೂ ಗಂಟು ಬಿಸಿಯಾಗಿಯೇ ಇದ್ದರೆ ಅದು ತಿಳಿಯುವುದು ಈ ಎರಡು ಸಾಲುಗಳಿಂದಲೇ. ನಾಡಿ, ನಾಲಿಗೆ, ಮೂತ್ರ ಮುಂತಾದವನ್ನು ನೋಡುವ ಅಷ್ಟಸ್ಥಾನ ಪರೀಕ್ಷೆಯ ಎಂಟು ಅಂಶಗಳಲ್ಲಿ ಈ ಹಾಳೆಯಲ್ಲಿ ಮೂತ್ರದ ಮುಂದೆ ಏನೂ ಬರೆದಿಲ್ಲ. ಅದನ್ನು 'ಪ್ರಾಕೃತ', ಅಂದರೆ ಸಹಜವಾಗಿದೆ ಎಂದು ತುಂಬುವ ಆಸೆಯಾಗುತ್ತದೆ. ನಾವು 'ದಾಖಲಾಗಿಲ್ಲ' ಎಂದೇ ಬರೆಯುತ್ತೇವೆ.

ಅತಿ ಹೆಚ್ಚು ಸಮಯ ಹಿಡಿಯುವುದು ಔಷಧಿಯ ಭಾಗ. ಒಂದೇ ಸಾಲಿನಲ್ಲಿ ಹೆಸರು, ರೂಪ, ಪ್ರಮಾಣ, ಸೇವಿಸುವ ಕಾಲ, ಔಷಧಿಯ ಜೊತೆ ಕುಡಿಯುವ ಅನುಪಾನ ಮತ್ತು ಎಷ್ಟು ದಿನ ಎಂಬ ಆರು ಸಂಗತಿಗಳು ಸೇರಿಕೊಂಡಿರುತ್ತವೆ. ಈ ಹಾಳೆಯಲ್ಲಿ 'ರಾಸ್ನಾಸಪ್ತಕ ಕ. 15+45, ಬಿ.ಡಿ., ಊ.ಮೊ.' ಎಂದಿದೆ. ಇದರರ್ಥ 15 ಮಿ.ಲೀ. ಕಷಾಯಕ್ಕೆ 45 ಮಿ.ಲೀ. ಬಿಸಿನೀರು ಬೆರೆಸಿ, ದಿನಕ್ಕೆ ಎರಡು ಬಾರಿ, ಊಟಕ್ಕೆ ಮೊದಲು ಎಂದು. ಕೂಡಿಸಿ 60 ಮಿ.ಲೀ. ಎಂದು ಪ್ರಮಾಣದ ಅಂಕಣದಲ್ಲಿ ಬರೆದರೆ ಕಷಾಯವೇ ನಾಲ್ಕು ಪಟ್ಟು ಆದಂತೆ. ನೀರು ಅನುಪಾನದ ಅಂಕಣಕ್ಕೆ ಹೋಗಬೇಕು.

ಅದರ ಕೆಳಗಿನ ಸಾಲು 'ಯೋ. ಗು. 2-0-2, ಊ.ನಂ., ಬಿ.ನೀ.' ಎಂದಿದೆ, ಅಂದರೆ ಬೆಳಿಗ್ಗೆ ಎರಡು, ರಾತ್ರಿ ಎರಡು, ಊಟದ ನಂತರ, ಬಿಸಿನೀರಿನೊಂದಿಗೆ. 'ಯೋ' ಅಕ್ಷರಕ್ಕಿಂತ ಮೊದಲು ಶಾಯಿಯ ಸಣ್ಣದೊಂದು ಗುರುತಿದೆ. ಅದು 'ಮ' ಆಗಿದ್ದರೆ ಔಷಧಿ ಮಹಾಯೋಗರಾಜ ಗುಗ್ಗುಳು. ಅಲ್ಲದಿದ್ದರೆ ಯೋಗರಾಜ ಗುಗ್ಗುಳು. ಮಹಾಯೋಗರಾಜದಲ್ಲಿ ಲೋಹ, ವಂಗ, ನಾಗ ಮುಂತಾದ ಭಸ್ಮಗಳೂ ರಸಸಿಂಧೂರವೂ ಸೇರುತ್ತವೆ, ಯೋಗರಾಜದಲ್ಲಿ ಅವು ಇಲ್ಲ. ಇಂತಹ ಕಡೆ ಹೆಚ್ಚು ಬಳಕೆಯಲ್ಲಿರುವುದು ಯಾವುದೆಂದು ಊಹಿಸಿ ತುಂಬುವುದನ್ನು ನಾನು ಒಪ್ಪುವುದಿಲ್ಲ. ಔಷಧ ವಿತರಣೆಯ ಪುಸ್ತಕದಲ್ಲಿ ಅಂದು ಏನು ಕೊಟ್ಟರೆಂದು ನೋಡಬಹುದು, ಆದರೆ ಅದು ಕೊಟ್ಟದ್ದನ್ನು ಹೇಳುತ್ತದೆಯೇ ಹೊರತು ಬರೆದದ್ದನ್ನಲ್ಲ. ಹಾಗಾಗಿ ಸಾಲಿನ ಚಿತ್ರವನ್ನು ಜೊತೆಗಿಟ್ಟು, ಹೆಸರಿನ ಅಂಕಣವನ್ನು ಖಾಲಿ ಬಿಟ್ಟು, ವೈದ್ಯರಿಗೆ ಕಳುಹಿಸುತ್ತೇವೆ.

ಕೊನೆಯ ಸಾಲು 'ವಾ. ಸ್ವೇದ 7 ದಿನ'. ಇಲ್ಲಿ ಮತ್ತೆ 'ವಾ' ಬಂದಿದೆ, ಆದರೆ ಇದು ವಾಲುಕಾ ಸ್ವೇದ, ಅಂದರೆ ಮರಳನ್ನು ಬಿಸಿಮಾಡಿ ಬಟ್ಟೆಯಲ್ಲಿ ಕಟ್ಟಿ ಕೊಡುವ ಶಾಖ. ಇದು ಔಷಧಿಯಲ್ಲ, ಆದ್ದರಿಂದ ಅದಕ್ಕೆ ಚಿಕಿತ್ಸಾಕ್ರಮ ಎಂಬ ಬೇರೆ ಸಾಲು ಬೇಕಾಯಿತು. ಆಮ, ಅಂದರೆ ಸರಿಯಾಗಿ ಜೀರ್ಣವಾಗದೆ ಉಳಿದ ಅಂಶ, ಇರುವಾಗ ಎಣ್ಣೆ ಹಚ್ಚುವ ಅಭ್ಯಂಗವನ್ನು ವೈದ್ಯರು ಸಾಮಾನ್ಯವಾಗಿ ಬರೆಯುವುದಿಲ್ಲ. ಆಮವಾತದ ಹಾಳೆಯಲ್ಲಿ ಮೊದಲ ಭೇಟಿಗೇ ತೈಲಾಭ್ಯಂಗ ಎಂದು ಟೈಪಾಗಿದ್ದರೆ ನಾನು ಆ ಸಾಲನ್ನು ಮೂಲದೊಂದಿಗೆ ಮತ್ತೊಮ್ಮೆ ಹೋಲಿಸುತ್ತೇನೆ. ಮೂಲದಲ್ಲಿ ಹಾಗೆಯೇ ಇದ್ದರೆ ಅದನ್ನು ಹಾಗೆಯೇ ಬಿಡುತ್ತೇನೆ, ಏಕೆಂದರೆ ಚಿಕಿತ್ಸೆಯನ್ನು ತಿದ್ದುವುದು ನಮ್ಮ ಮೇಜಿನ ಕೆಲಸವಲ್ಲ.