‘ಎಂಟು ದಿನಕ್ಕೊಮ್ಮೆ’ ಅಂದರೆ ಎಷ್ಟು ದಿನ? ನೀರಿನ ಸಮೀಕ್ಷೆಯ ಒಂದೇ ಪ್ರಶ್ನೆ ತಿದ್ದಿದ ಬಗೆ

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಮನೆಮನೆಗೆ ಹೋಗಿ ನೀರಿನ ಬಗ್ಗೆ ಕೇಳುವ ಸಮೀಕ್ಷೆಗಳ ಫಾರ್ಮಿನಲ್ಲಿ ಮತ್ತೆ ಮತ್ತೆ ಸಿಗುವ ಪ್ರಶ್ನೆ ಒಂದಿದೆ. ಮಾತು ಬೇರೆ ಬೇರೆ ಇರಬಹುದು, ಅಚ್ಚು ಒಂದೇ:

‘ನಿಮ್ಮ ಮನೆಗೆ ನಿಯಮಿತವಾಗಿ ಸಾಕಷ್ಟು ಶುದ್ಧ ನೀರು ಪೂರೈಕೆಯಾಗುತ್ತಿದೆ ಅಲ್ಲವೇ? ತುಂಬಾ ಚೆನ್ನಾಗಿ / ಚೆನ್ನಾಗಿ / ಪರವಾಗಿಲ್ಲ / ಇಲ್ಲ.’

ಪ್ರಶ್ನಾವಳಿಯಲ್ಲಿ ಆಗಬಹುದಾದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಸಾಲಿನಲ್ಲೇ ಇವೆ. ಹಾಗಾಗಿ ಹೊಸಬರಿಗೆ ಕಲಿಸುವಾಗ ಇಡೀ ಫಾರ್ಮು ಬಿಟ್ಟು ಇದೊಂದನ್ನೇ ಬಿಚ್ಚಿ ಕೂರುವುದು ವಾಸಿ.

ಮೊದಲು ಕಣ್ಣಿಗೆ ಬೀಳುವುದು ಬಾಲದ ‘ಅಲ್ಲವೇ’. ಅದು ಉತ್ತರವನ್ನು ಬಾಯಿಗೆ ಇಟ್ಟು ಕೊಡುತ್ತದೆ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡವರು ಬಾಗಿಲಿಗೆ ಬಂದು ‘ಬರ್ತೈತಿ ಅಲ್ರೀ?’ ಅಂದರೆ, ಬಂದವರಿಗೆ ಬೇಜಾರು ಮಾಡಬಾರದೆಂದು ‘ಹೂಂ ರೀ’ ಎನ್ನುವುದು ನಮ್ಮ ಕಡೆಯ ಮರ್ಯಾದೆ. ನಮ್ಮ ‘ಹೂಂ’ಗೆ ‘ಕೇಳಿಸಿಕೊಳ್ಳಾಕತ್ತೀನಿ’ ಎಂಬ ಅರ್ಥವೂ ಇದೆ. ಮನೆಮನೆಗೆ ಹೋಗಿ ಕೇಳುವ ಕ್ಷೇತ್ರದವರು ಅದನ್ನು ‘ಹೌದು’ ಅಂತ ಟಿಕ್ ಮಾಡಿಬಿಡುತ್ತಾರೆ.

ಬಾಲ ಕತ್ತರಿಸಿ ಪ್ರಶ್ನೆಯನ್ನು ತಿರುವು ಹಾಕೋಣ ಎಂದು ಕೆಲವರು ‘ನೀರು ಸರಿಯಾಗಿ ಬರೂದಿಲ್ಲೇನ್ರಿ?’ ಎಂದು ಬರೆಯುತ್ತಾರೆ. ಇದು ಇನ್ನೂ ಕೆಟ್ಟದ್ದು. ಕನ್ನಡದಲ್ಲಿ ಇದಕ್ಕೆ ‘ಹೌದು’ ಅಂದರೆ ‘ಹೌದು, ಬರೂದಿಲ್ಲ’ ಎಂದರ್ಥ. ‘ಇಲ್ಲ’ ಅಂದರೆ ‘ಬರೂದಿಲ್ಲ’ವೂ ಆಗಬಹುದು, ‘ಇಲ್ಲ, ಬರ್ತೈತಿ’ಯೂ ಆಗಬಹುದು. ಮನೆಯವರು ಮುಂದೆ ಒಂದು ಮಾತು ಸೇರಿಸದಿದ್ದರೆ ಗೊತ್ತೇ ಆಗುವುದಿಲ್ಲ. ಆಫೀಸಿನಲ್ಲಿ ಕೂತು ಕಂಪ್ಯೂಟರಿಗೆ ತುಂಬಿಸುವವರಿಗಂತೂ ಬರೀ 1 ಮತ್ತು 2 ಕಾಣುತ್ತವೆ. ಹೌದು-ಇಲ್ಲ ಉತ್ತರ ಬೇಕಿರುವ ಪ್ರಶ್ನೆಯಲ್ಲಿ ‘ಇಲ್ಲ’ವನ್ನು ಒಂಟಿಯಾಗಿ ಇಡಬಾರದು. ‘ಬಂತೋ, ಬರಲಿಲ್ಲೋ?’ ಎಂದು ಎರಡೂ ಕಡೆ ಸಮನಾಗಿ ಹಿಡಿಯಬೇಕು. ಕನ್ನಡದ ಈ ‘ಓ… ಓ’ ರೂಪ ಪ್ರಶ್ನೆ ಬರೆಯುವವರಿಗೆ ಸಿಕ್ಕ ದೊಡ್ಡ ಅನುಕೂಲ.

ಎರಡನೆಯ ತೊಂದರೆ: ಪ್ರಶ್ನೆ ಒಂದು, ಕೇಳುತ್ತಿರುವುದು ಮೂರು. ನಿಯಮಿತ, ಸಾಕಷ್ಟು, ಶುದ್ಧ. ವೇಳೆಗೆ ಸರಿಯಾಗಿ ಬರುವ ನೀರು ಅರ್ಧ ತಾಸಿಗೆ ನಿಲ್ಲಬಹುದು. ಮೂರು ತಾಸು ಬಂದ ನೀರು ಕೆಂಪಗಿರಬಹುದು. ಇಂಥ ಮನೆಯವರು ಏನು ಹೇಳಬೇಕು? ಆ ದಿನ ಯಾವುದು ಹೆಚ್ಚು ಕಾಡಿತ್ತೋ ಅದಕ್ಕೆ ಉತ್ತರ ಕೊಡುತ್ತಾರೆ. ವರದಿಯಲ್ಲಿ ಮಾತ್ರ ಎಲ್ಲವೂ ‘ನೀರು ಪೂರೈಕೆ’ ಎಂಬ ಒಂದೇ ಅಂಕಣಕ್ಕೆ ಬೀಳುತ್ತದೆ. ‘ಮತ್ತು’, ‘ಹಾಗೂ’ ಕಂಡಲ್ಲಿ ಪ್ರಶ್ನೆ ಒಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇಲ್ಲಿ ‘ಮತ್ತು’ ಇಲ್ಲವೇ ಇಲ್ಲ. ಸಾಲಾಗಿ ನಿಂತ ವಿಶೇಷಣಗಳನ್ನೇ ಎಣಿಸಬೇಕು.

‘ಶುದ್ಧ’ ಎಂಬುದಕ್ಕೆ ಮನೆಯವರಲ್ಲಿ ಉತ್ತರವೇ ಇರುವುದಿಲ್ಲ. ರೋಗಾಣು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ನೀರಿನ ಪರೀಕ್ಷೆಯೇ ಆಗಬೇಕು. ಮನೆಯವರು ಹೇಳಬಲ್ಲದ್ದು ಬಣ್ಣ, ವಾಸನೆ, ರುಚಿ. ಇನ್ನೊಂದು ಗೋಜಲು: ‘ನೀರು’ ಅಂದರೆ ಯಾವ ನೀರು? ಇಲ್ಲಿ ಕುಡಿಯುವ ಸಿಹಿನೀರು ಬೇರೆ, ಬಳಕೆಗೆ ಬೋರ್‌ವೆಲ್ಲಿನ ಸವಳು ನೀರು ಬೇರೆ. ಬೋರಿನ ನೀರು ದಿನಾ ಸಿಗುವ ಮನೆಯವರು ‘ನೀರಿಗೇನು ಕೊರತೆ ಇಲ್ಲ’ ಎಂದುಬಿಟ್ಟರೆ ಮಲಪ್ರಭಾ ನದಿಯಿಂದ ನಳಕ್ಕೆ ಬರುವ ನೀರಿನ ಲೆಕ್ಕ ತಪ್ಪಿತು. ಅದಕ್ಕೇ ಪ್ರತಿ ಪ್ರಶ್ನೆಯಲ್ಲೂ ‘ನಳದ ಕುಡಿಯುವ ನೀರು’ ಎಂದು ಪೂರ್ತಿ ಬರೆಯಬೇಕು. ಓದಲು ಉದ್ದವಾದರೂ ಸರಿಯೇ.

ಇನ್ನು ‘ನಿಯಮಿತ’. ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದ ಶಬ್ದ ಇದು.

‘ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ?’ ಎಂದು ನೇರವಾಗಿ ಕೇಳಿದರೆ ಸಾಕಲ್ಲ ಅನಿಸುತ್ತದೆ. ಸಾಲುವುದಿಲ್ಲ. ಜೂನ್ 3ಕ್ಕೆ ಬಂದ ನೀರು ಮತ್ತೆ ಜೂನ್ 10ಕ್ಕೆ ಬಂತು ಎಂದುಕೊಳ್ಳಿ. ಒಂದು ಮನೆಯವರು 3ನ್ನೂ 10ನ್ನೂ ಎರಡನ್ನೂ ಎಣಿಸಿ ‘ಎಂಟು ದಿನಕ್ಕೊಮ್ಮೆ’ ಎನ್ನುತ್ತಾರೆ. ನಮ್ಮಲ್ಲಿ ವಾರಕ್ಕೆ ‘ಎಂಟು ದಿನ’, ಎರಡು ವಾರಕ್ಕೆ ‘ಹದಿನೈದು ದಿನ’ ಎನ್ನುವುದು ರೂಢಿ. ಪಕ್ಕದ ಮನೆಯವರು ‘ಏಳು ದಿನಕ್ಕ’ ಅನ್ನುತ್ತಾರೆ. ಮೂರನೆಯವರು ನೀರಿಲ್ಲದ ದಿನಗಳನ್ನು ಎಣಿಸಿ ‘ನಡುವ ಆರು ದಿನ ಬರೂದಿಲ್ಲ’ ಅನ್ನುತ್ತಾರೆ. ಪೈಪು ಒಂದೇ, ನೀರು ಬಿಟ್ಟದ್ದೂ ಒಂದೇ ಹೊತ್ತಿಗೆ, ಫಾರ್ಮಿನಲ್ಲಿ ಮಾತ್ರ 8, 7, 6. ಇದರ ಸರಾಸರಿ ತೆಗೆದು ಎರಡು ವಾರ್ಡುಗಳನ್ನು ಹೋಲಿಸಿದರೆ, ಅರ್ಧ ದಿನದ ವ್ಯತ್ಯಾಸ ನೀರಿನದೋ ಎಣಿಕೆಯದೋ ಹೇಳಲಾಗದು.

ಉತ್ತರಕ್ಕೆ ಆಯ್ಕೆಗಳನ್ನು ಕೊಟ್ಟರೆ ಬೇರೆ ತಂಟೆ. ‘1–3 ದಿನ, 3–5 ದಿನ, 5–7 ದಿನ’ ಎಂದರೆ ಮೂರು ದಿನದವರು ಎಲ್ಲಿಗೆ ಹೋಗಬೇಕು? ಈ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ, ತಿದ್ದುತ್ತೇವೆ. ಕಣ್ಣಿಗೆ ಬೀಳದ್ದು ಅಳತೆಪಟ್ಟಿಯ ವ್ಯಾಪ್ತಿ. ಜರ್ಮನಿಯಲ್ಲಿ ನಡೆದು 1985ರಲ್ಲಿ ಪ್ರಕಟವಾದ ಶ್ವಾರ್ಟ್ಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಜನರಿಗೆ ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಎಂದು ಕೇಳಿದ್ದರು. ಒಂದು ಗುಂಪಿಗೆ ಕೊಟ್ಟ ಪಟ್ಟಿ ‘ಅರ್ಧ ತಾಸಿನವರೆಗೆ’ ಎಂದು ಶುರುವಾಗಿ ‘ಎರಡೂವರೆ ತಾಸಿಗಿಂತ ಹೆಚ್ಚು’ ಎಂದು ಮುಗಿಯುತ್ತಿತ್ತು. ಇನ್ನೊಂದು ಗುಂಪಿನ ಪಟ್ಟಿ ಶುರುವಾಗುವುದೇ ‘ಎರಡೂವರೆ ತಾಸಿನವರೆಗೆ’ ಎಂದು. ಎರಡೂವರೆ ತಾಸಿಗಿಂತ ಹೆಚ್ಚು ನೋಡುತ್ತೇವೆ ಎಂದವರು ಮೊದಲ ಗುಂಪಿನಲ್ಲಿ ಶೇ 16.2, ಎರಡನೆಯದರಲ್ಲಿ ಶೇ 37.5. ಪಟ್ಟಿಯ ನಡುವೆ ಇರುವುದೇ ನಾಲ್ಕು ಮಂದಿಯ ರೂಢಿ ಇರಬೇಕು ಎಂದು ಜನ ಊಹಿಸಿ, ತಮ್ಮನ್ನು ಅದರ ಆಸುಪಾಸು ಇಟ್ಟುಕೊಳ್ಳುತ್ತಾರೆ. ನಮ್ಮ ನೀರಿನ ಪಟ್ಟಿ ‘ದಿನಾ’ದಿಂದ ಶುರುವಾಗಿ ‘5 ದಿನಕ್ಕಿಂತ ಹೆಚ್ಚು’ ಎಂದು ಮುಗಿದರೂ ಇದೇ ಅಪಾಯ. ಎಂಟು ದಿನದ ಮನೆ ತನ್ನನ್ನು ತುದಿಯಲ್ಲಿ ಕಂಡು ಒಂದು ಮೆಟ್ಟಿಲು ಒಳಗೆ ಸರಿಯುತ್ತದೆ.

ಹಾಗಾಗಿ ಇಲ್ಲಿ ಆಯ್ಕೆಗಳೇ ಬೇಡ, ‘ಸಾಮಾನ್ಯವಾಗಿ’ಯೂ ಬೇಡ. ಎರಡು ದಿನಾಂಕ ಕೇಳಬೇಕು:

‘ಹೋದ ಸಲ ನಿಮ್ಮ ಮನಿ ನಳಕ್ಕ ಕುಡಿಯೂ ನೀರು ಬಂದದ್ದು ಯಾವತ್ತು?’ ‘ಅದರ ಹಿಂದಿನ ಸಲ ಯಾವತ್ತು?’

ಉತ್ತರ ಬರೆಯುವಲ್ಲಿ ತಾರೀಖು ಮತ್ತು ವಾರ ಎರಡಕ್ಕೂ ಜಾಗ ಬಿಡಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಳೆಯುವ ಲೆಕ್ಕ ಆಫೀಸಿನದು, ಮನೆಯವರದಲ್ಲ. ‘ಮೊನ್ನೆ’ ಎಂಬ ಉತ್ತರ ಬಂದರೆ ಹಾಗೇ ಬರೆಯಬಾರದು. ಅದು ನಿನ್ನೆಯ ಹಿಂದಿನ ದಿನವೂ ಹೌದು, ‘ಇತ್ತೀಚೆಗೆ’ಯೂ ಹೌದು. ನೆನಪಾಗದಿದ್ದರೆ ಸಂತೆಯ ದಿನ, ಅಮವಾಸ್ಯೆ, ಶುಕ್ರವಾರದ ನಮಾಜು, ಮಕ್ಕಳ ಸಾಲೆ ಸೂಟಿ ಇಂಥವನ್ನು ಹಿಡಿದು ‘ಅದಕ್ಕೂ ಮೊದಲೋ, ಆಮೇಲೋ?’ ಎಂದು ಕೇಳಬಹುದು. ಇದಕ್ಕೆ ಒಂದು ಮಿತಿ ಇದೆ: ಆ ವಾರ ಪೈಪು ಒಡೆದಿದ್ದರೆ ಅಂತರ ಹಿಗ್ಗಿರುತ್ತದೆ. ಒಂದು ಮನೆಯ ಒಂದು ಅಂತರದಿಂದ ಆ ಮನೆಯ ಪಾಡು ಹೇಳಬಾರದು. ಭೇಟಿಗಳನ್ನು ಕೆಲವು ವಾರಗಳಲ್ಲಿ ಹರಡಿ, ವಾರ್ಡಿನ ಮಟ್ಟದಲ್ಲಿ ಓದಬೇಕು.

‘ಸಾಕಷ್ಟು’ ಎಂಬುದಕ್ಕೂ ಇದೇ ದಾರಿ. ‘ಸಾಕಾಗ್ತದೇನ್ರಿ?’ ಎನ್ನುವುದಕ್ಕಿಂತ ‘ಆ ಹಿಂದಿನ ಸಲ ತುಂಬಿಟ್ಟ ನೀರು ಹೋದ ಸಲ ನೀರು ಬರೂತನಕ ಬಂತೋ, ನಡುವ ತೀರಿತೋ?’ ತೀರಿದ್ದರೆ ಮಾತ್ರ ಮುಂದೆ: ಎಲ್ಲಿಂದ ತಂದಿರಿ, ದುಡ್ಡು ಕೊಟ್ಟಿರೋ ಇಲ್ಲೋ.

ಇಷ್ಟು ಸಂಗತಿ ಕೈಗೆ ಬಂದ ಮೇಲೆ ಅಭಿಪ್ರಾಯ ಕೇಳುವುದು. ಹಳೆಯ ಫಾರ್ಮಿನ ಪಟ್ಟಿಯಲ್ಲಿ ‘ತುಂಬಾ ಚೆನ್ನಾಗಿ, ಚೆನ್ನಾಗಿ, ಪರವಾಗಿಲ್ಲ’ ಮೂರೂ ಒಳ್ಳೆಯ ಕಡೆಯವು, ಕೆಟ್ಟ ಕಡೆಗೆ ‘ಇಲ್ಲ’ ಒಂದೇ. ಕಣ್ಣು ಮುಚ್ಚಿ ಟಿಕ್ ಮಾಡಿದರೂ ನಾಲ್ಕರಲ್ಲಿ ಮೂರು ಹೊಗಳಿಕೆಯಾಗುತ್ತದೆ. ಇದನ್ನು ಸಮ ಮಾಡಲು ‘ಪರವಾಗಿಲ್ಲ’ವನ್ನು ಧಾರವಾಡ ಕಡೆಯ ‘ಅಡ್ಡಿಯಿಲ್ಲ’ಕ್ಕೆ ಬದಲಿಸಿ ನಡುವೆ ಇಟ್ಟರೂ ಕೆಲಸ ಆಗದು. ‘ಹೆಂಗೈತಿ?’ ಅಂದರೆ ‘ಅಡ್ಡಿಯಿಲ್ಲ’ ಎನ್ನುವವರು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಹೇಳುತ್ತಾರೆ. ಕೆಲವರಿಗೆ ಅದು ಚಲೋ ಎಂಬುದಕ್ಕೆ ಸಮ, ಕೆಲವರಿಗೆ ನಡೀತದ ಬಿಡ್ರಿ ಎಂಬಷ್ಟೇ. ಪರೀಕ್ಷೆ ಸುಲಭ: ಶಬ್ದಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಹತ್ತು ಹದಿನೈದು ಮಂದಿಗೆ ಕೊಟ್ಟು, ಕೆಟ್ಟದ್ದರಿಂದ ಚಲೋವರೆಗೆ ಸಾಲಾಗಿ ಇಡಲು ಹೇಳಿ. ಒಂದೇ ಚೀಟಿ ಒಬ್ಬೊಬ್ಬರ ಸಾಲಿನಲ್ಲಿ ಒಂದೊಂದು ಕಡೆ ಕೂತರೆ ಅದನ್ನು ಅಳತೆಪಟ್ಟಿಯಿಂದ ತೆಗೆಯಿರಿ.

ಬಾಯಿಂದ ಓದಿ ಕೇಳುವ ಸಮೀಕ್ಷೆಯಲ್ಲಿ ಐದು ಆಯ್ಕೆಗಳನ್ನು ಒಂದೇ ಉಸಿರಿಗೆ ಓದಿದರೆ ಕೊನೆಯದಷ್ಟೇ ಕಿವಿಯಲ್ಲಿ ಉಳಿಯುತ್ತದೆ. ಆದ್ದರಿಂದ ಎರಡು ಹೆಜ್ಜೆಯಲ್ಲಿ ಕೇಳುವುದು ಮೇಲು. ‘ನಳದ ಕುಡಿಯೂ ನೀರು ಬಿಡೂ ರೀತಿ ಬಗ್ಗೆ ನಿಮಗ ಸಮಾಧಾನ ಐತೋ, ಸಮಾಧಾನ ಇಲ್ಲೋ, ಹಂಗೂ ಇಲ್ಲ ಹಿಂಗೂ ಇಲ್ಲೋ?’ ಐತಿ ಎಂದವರಿಗೆ ‘ಪೂರಾ ಐತೋ, ಸ್ವಲ್ಪ ಮಟ್ಟಿಗೆ ಐತೋ?’ ಇಲ್ಲ ಎಂದವರಿಗೆ ‘ಸ್ವಲ್ಪ ಅಸಮಾಧಾನೋ, ಭಾಳ ಅಸಮಾಧಾನೋ?’ ಎಂದು. ಕೊನೆಗೆ ಐದು ಅಂಕದ ಅಳತೆಯೇ ಸಿಗುತ್ತದೆ, ಮನೆಯವರು ಮಾತ್ರ ಒಂದು ಸಲಕ್ಕೆ ಎರಡು ಮೂರು ಮಾತುಗಳಲ್ಲಿ ಆರಿಸಿದರೆ ಸಾಕು. ಅರ್ಧ ಫಾರ್ಮುಗಳಲ್ಲಿ ‘ಇಲ್ಲೋ’ ಮೊದಲು ಬರುವಂತೆ ಅಚ್ಚು ಹಾಕಿಸಿ. ಎರಡು ಗುಂಪಿನ ಫಲ ಎಷ್ಟು ದೂರ ಸರಿದಿದೆ ಎಂಬುದೇ ಕ್ರಮದ ಪ್ರಭಾವದ ಅಳತೆ. ‘ಗೊತ್ತಿಲ್ಲ’ ಎಂದವರನ್ನು ‘ಹಂಗೂ ಇಲ್ಲ ಹಿಂಗೂ ಇಲ್ಲ’ದಲ್ಲಿ ಸೇರಿಸಬೇಡಿ. ಅದಕ್ಕೆ ಬೇರೆ ಕೋಡು ಇರಲಿ, ಓದಿ ಹೇಳುವುದು ಬೇಡ.

ಇಲ್ಲಿ ಪ್ರಶ್ನೆಗಳನ್ನು ಆಡುಮಾತಿನಲ್ಲೇ ಬರೆದದ್ದಕ್ಕೆ ಕಾರಣ ಇದೆ. ಫಾರ್ಮಿನಲ್ಲಿ ‘ಪೂರೈಕೆಯಾಗುತ್ತಿದೆಯೇ’ ಎಂದಿದ್ದರೆ ಬಾಗಿಲಲ್ಲಿ ಯಾರೂ ಹಾಗೆ ಓದುವುದಿಲ್ಲ. ಹತ್ತು ಕ್ಷೇತ್ರದವರು ಹತ್ತು ಬಗೆಯಲ್ಲಿ ಬದಲಿಸುತ್ತಾರೆ, ಅದರಲ್ಲಿ ನಾಲ್ಕು ಮಂದಿ ‘ಅಲ್ರೀ’ ಸೇರಿಸುತ್ತಾರೆ.

ಮುಖ್ಯ ಸಮೀಕ್ಷೆಗೆ ಮೊದಲು ಮಾಡುವ ಪೈಲಟ್ ಪರೀಕ್ಷೆಗೆ 40 ಮನೆ ಸಾಕು. ಆದರೆ ಉತ್ತರಕ್ಕಿಂತ ಮಾತುಕತೆಯನ್ನು ಗಮನಿಸಲು ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ಪ್ರಶ್ನೆ ಎರಡನೇ ಸಲ ಓದಬೇಕಾಯಿತೋ, ಮನೆಯವರು ‘ಅಂದ್ರ?’ ಎಂದರೋ, ಓದುವವರು ಮಾತು ಬದಲಿಸಿದರೋ, ಪ್ರತಿ ಪ್ರಶ್ನೆಗೆ ಒಂದು ಗೆರೆ ಎಳೆಯುತ್ತಾ ಹೋಗಬೇಕು. ನೂರಕ್ಕೆ 15ಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಗಾದರೆ ಪ್ರಶ್ನೆಯನ್ನು ಮತ್ತೆ ಬರೆಯಬೇಕು ಎಂಬುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. 40 ಮನೆಗೆ ಆರಕ್ಕಿಂತ ಹೆಚ್ಚು ಗೆರೆ.

ಹಳೆಯ ಪ್ರಶ್ನೆಯಿಂದ ಹೋದ ವರ್ಷದ ಅಂಕಿ ಈಗಾಗಲೇ ವರದಿಯಲ್ಲಿದ್ದರೆ ಹೊಸದನ್ನು ಏಕಾಏಕಿ ಹಾಕಬೇಡಿ. ಸಮಾಧಾನದ ಅಂಕಿ ಇಳಿದರೆ ನೀರು ಕೆಟ್ಟದ್ದಕ್ಕೋ ಪ್ರಶ್ನೆ ಬದಲಾದದ್ದಕ್ಕೋ ಯಾರೂ ಹೇಳಲಾರರು. ಒಂದು ಸುತ್ತಿನ ಮಟ್ಟಿಗೆ ಮನೆಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಕೇಳಿ. ಒಂದೇ ಮನೆಗೆ ಎರಡನ್ನೂ ಕೇಳಬೇಡಿ, ಎರಡನೆಯದಕ್ಕೆ ಮೊದಲನೆಯದರ ಉತ್ತರವೇ ಬರುತ್ತದೆ.