ಸೋಮವಾರ ಹೋದರೆ ಸಿಗದ ಫಾಲ್ಟ್

ಮುಳ್ಳಯ್ಯನಗಿರಿ ಕಡೆಯ ಒಂದು ಹೋಂಸ್ಟೇ. ಶನಿವಾರ ಸಂಜೆ ಏಳು ಗಂಟೆ ಆಯಿತೆಂದರೆ ಅಲ್ಲಿಂದ ಫೋನ್ ಬರುತ್ತಿತ್ತು. 'ನೆಟ್ ಸತ್ತೋಗಿದೆ ಕಣಪ್ಪಾ, ಗೆಸ್ಟ್‌ಗಳು ನನ್ನ ತಿಂತಾ ಇದಾರೆ.' ಅಲ್ಲಿಗೆ ಫೈಬರ್ ನೆಟ್ ಹಾಕಿಕೊಟ್ಟ ಟೆಕ್ನಿಷಿಯನ್ ನಾನು. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಸರಿ. ಫೈಬರ್‌ನ ಬೆಳಕಿನ ಪವರ್ ಮೈನಸ್ 21, ಸಿಗ್ನಲ್ ಹೋಗಿ ಬರುವ ಸಮಯ ತೋರಿಸುವ ಪಿಂಗ್ 12 ಎಂಎಸ್, ಸ್ಪೀಡ್ ಟೆಸ್ಟ್‌ನಲ್ಲಿ 50 ಡೌನ್, 10 ಅಪ್. ಟಿಕೆಟ್ ಕ್ಲೋಸ್. ನಮ್ಮ ಆಫೀಸಿನ ಡ್ಯಾಶ್‌ಬೋರ್ಡ್‌ನಲ್ಲಿ ಲಿಂಕ್ ಹಸಿರಾಗಿದ್ದರೆ ಸಾಕು, ಒಳಗೆ ಏನು ನಡೀತಿದೆ ಅಂತ ಯಾರೂ ಕೇಳಲ್ಲ.

ಮೂರು ವಾರ ಹೀಗೇ ಹೋಯಿತು. ಮೊದಲು ಮಳೆ ಅಂದೆ. ಆಮೇಲೆ ಪ್ಯಾಚ್ ಕಾರ್ಡ್ ಬದಲಾಯಿಸಿದೆ. ಕೊನೆಗೆ ಫೈಬರ್ ಬಂದು ಸೇರುವ ಡಬ್ಬಿ ಒಎನ್‌ಯುನೇ ಬದಲಾಯಿಸಿ ಹೋಂಸ್ಟೇ ಮಾಲೀಕ ಗೌಡ್ರ ಹತ್ತಿರ ದುಡ್ಡೂ ತಗೊಂಡೆ. ಆ ವಿಷಯ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಾಲ್ಕನೇ ಶನಿವಾರ ಗೌಡ್ರು, 'ಸೋಮವಾರ ಬರಬೇಡ, ಇವತ್ತೇ ಬಾ, ಇಲ್ಲೇ ಊಟ ಮಾಡು' ಅಂದರು. ಹೋದೆ. ಏಳು ಗಂಟೆಗೆ ಗಿರಿ ಸುತ್ತಿಕೊಂಡು ಗಾಡಿಗಳು ಒಂದೊಂದಾಗಿ ಬಂದವು. ಎಲ್ಲರೂ ಶೂ ಬಿಚ್ಚಿ ಕಾಫಿಗೆ ಕೂತರು. ಹತ್ತು ನಿಮಿಷದಲ್ಲಿ ನನ್ನ ಪಿಂಗ್ 12ರಿಂದ 300ಕ್ಕೆ, ಅಲ್ಲಿಂದ 1400ಕ್ಕೆ ಏರಿತು. ಆಫೀಸ್ ಕಾಲ್‌ನಲ್ಲಿದ್ದ ಬೆಂಗಳೂರಿನ ಹುಡುಗಿ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮುಂದೆಯೇ ಬಂದು ನಿಂತಳು. ಸ್ಕ್ರೀನ್‌ನಲ್ಲಿ ಅವಳ ಬಾಸ್ ಬಾಯಿ ತೆರೆದುಕೊಂಡೇ ಫ್ರೀಜ್ ಆಗಿದ್ದರು. ನನಗೂ ಹೆಚ್ಚುಕಮ್ಮಿ ಅದೇ ಸ್ಥಿತಿ.

ಅಲ್ಲಿನ ಮೈಕ್ರೋಟಿಕ್ ರೂಟರ್‌ನಲ್ಲಿ, ಯಾರು ಎಷ್ಟು ಡೇಟಾ ಎಳೀತಿದಾರೆ ಅಂತ ತೋರಿಸುವ ಟಾರ್ಚ್ ಹಾಕಿದೆ. ಅಪ್‌ಲೋಡ್ 10 ಎಂಬಿಪಿಎಸ್‌ಗೆ ಅಂಟಿಕೊಂಡು ನಿಂತಿತ್ತು. ಡೌನ್‌ಲೋಡ್ ಬರೀ 6. ಯಾವ ಐಪಿ ಯಾವ ಸಾಧನದ್ದು ಅನ್ನುವ ಲೀಸ್ ಪಟ್ಟಿಗೆ ಹೋಲಿಸಿದರೆ ಮೇಲಿನ ಸಾಲುಗಳಲ್ಲಿ ಇದ್ದವೆಲ್ಲ ಫೋನ್‌ಗಳೇ. ದಿನವಿಡೀ ಗಿರಿಯಲ್ಲಿ ತೆಗೆದ ಫೋಟೋಗಳು ವೈಫೈ ಸಿಕ್ಕ ತಕ್ಷಣ ಬ್ಯಾಕಪ್‌ಗೆ ಹೊರಟಿದ್ದವು. ಎರಡನೇ ಸಾಲಿನಲ್ಲಿ ಯಾರಿದ್ದರು ಗೊತ್ತಾ? ನಾನೇ. ಫೈಬರ್ ಜೋಡಿಸುವ ಪ್ರತಿ ಸ್ಪ್ಲೈಸ್‌ಗೂ ಮೊದಲು, ಆಮೇಲೆ ಅಂತ ಫೋಟೋ ತೆಗೆಯಿರಿ ಅನ್ನುವ ಆಫೀಸಿನ ರೂಲು, ಜೊತೆಗೆ ಅಕ್ಕನ ಮಗನ ನಾಮಕರಣದ ವಿಡಿಯೋ. ಇನ್‌ಸ್ಟಾಲೇಶನ್ ದಿನ ಸೇವ್ ಮಾಡಿದ ಪಾಸ್‌ವರ್ಡ್, ಅದರ ಪಾಡಿಗೆ ಕನೆಕ್ಟ್ ಆಗಿಬಿಟ್ಟಿದೆ.

ಲೆಕ್ಕ ಹಾಕಿ ನೋಡಿದೆ. ಒಂದು ಫೋಟೋ 4 ಎಂಬಿ ಅಂದುಕೊಂಡರೆ ಒಂದು ಕುಟುಂಬದ 300 ಫೋಟೋ 1.2 ಜಿಬಿ. ಇಡೀ 10 ಎಂಬಿಪಿಎಸ್ ಅದಕ್ಕೇ ಕೊಟ್ಟರೂ 16 ನಿಮಿಷ. ಹತ್ತು ಕುಟುಂಬಕ್ಕೆ ಎರಡು ಗಂಟೆ 40 ನಿಮಿಷ, ವಿಡಿಯೋ ಬಿಟ್ಟು. ಗೌಡ್ರು ಮೊದಲ ದಿನವೇ 'ಏಳರಿಂದ ಹತ್ತು' ಅಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಯಾಕೆ ಸಾಯಬೇಕು ಅಂತ ಗೌಡ್ರು ಕೇಳಿದರು. ಕಾಫಿ ಕ್ಯೂರಿಂಗ್ ವರ್ಕ್ಸ್ ಲೆಕ್ಕದಲ್ಲೇ ಹೇಳಿದೆ. ಲಾರಿ ಮಾಲು ಇಳಿಸಿದ ಮೇಲೆ ರಶೀದಿ ವಾಪಸ್ ಹೋಗಬೇಕು, ಅದು ಮುಟ್ಟದೆ ಮುಂದಿನ ಲಾರಿ ಬಿಡಲ್ಲ. ಡೌನ್‌ಲೋಡ್‌ಗೂ ಹಾಗೇ, ಡೇಟಾ ಬಂತು ಅನ್ನುವ ಚೀಟಿ ಮೇಲಕ್ಕೆ ಹೋಗುತ್ತಿರಬೇಕು. ಆ ಚೀಟಿ ಫೋಟೋ ಮೂಟೆಗಳ ಹಿಂದೆ ಕ್ಯೂನಲ್ಲಿ ಸಿಕ್ಕಿಕೊಂಡಿದೆ.

ಗೆಸ್ಟ್‌ಗಳ ಫೋನ್ ಮುಟ್ಟಿ ಬ್ಯಾಕಪ್ ನಿಲ್ಲಿಸೋಕೆ ಆಗಲ್ಲ ಅಲ್ವಾ? ಅದಕ್ಕೆ ಗೆಸ್ಟ್ ವೈಫೈಗೆ ಮಿತಿ ಹಾಕಿದೆ. max-limitನಲ್ಲಿ ಮೊದಲ ಅಂಕಿ ಅಪ್‌ಲೋಡ್, ಎರಡನೆಯದು ಡೌನ್‌ಲೋಡ್:

```
/queue simple add name=guest target=192.168.20.0/24 max-limit=8M/40M queue=pcq-upload-default/pcq-download-default
```

ಏನೂ ಬದಲಾಗಲಿಲ್ಲ. ಪಿಂಗ್ ಅದೇ 1400. ಹುಡುಗಿ ನಿಂತೇ ಇದ್ದಳು. ಐದು ನಿಮಿಷ ಬೆವರಿದ ಮೇಲೆ ನೆನಪಾಯಿತು, ಫೈರ್‌ವಾಲ್‌ನಲ್ಲಿ ಟ್ರಾಫಿಕ್ಕನ್ನು ಒಳದಾರಿಯಲ್ಲಿ ಬೇಗ ಬಿಡುವ fasttrack ರೂಲ್ ಆನ್ ಇದೆ, ಅದರಲ್ಲಿ ಹೋಗುವ ಟ್ರಾಫಿಕ್ ನಾನು ಹಾಕಿದ ಸಿಂಪಲ್ ಕ್ಯೂ ಮಿತಿಗೆ ಸಿಗುವುದೇ ಇಲ್ಲ. ಅದನ್ನು ಡಿಸೇಬಲ್ ಮಾಡಿ ರೂಟರ್ ರೀಬೂಟ್ ಮಾಡಿದೆ. ಪಿಂಗ್ 25ಕ್ಕೆ ಇಳಿಯಿತು.

ಆದರೆ ಹದಿನೈದು ಫೋನ್ 8 ಎಂಬಿಪಿಎಸ್ ಹಂಚಿಕೊಂಡರೆ ತಲೆಗೆ ಅರ್ಧ ಎಂಬಿಪಿಎಸ್ ಸಿಕ್ಕರೆ ಹೆಚ್ಚು. ಅದರಲ್ಲಿ ವಿಡಿಯೋ ಕಾಲ್ ಒದ್ದಾಡುತ್ತದೆ. ಹಾಗಾಗಿ ಕಾಲ್ ಇರುವವರಿಗೆ ರಿಸೆಪ್ಶನ್ ವೈಫೈ ಕೊಡಿ ಅಂದೆ. ಗೆಸ್ಟ್ ಕ್ಯೂಗೆ ಸೇರದ 2 ಎಂಬಿಪಿಎಸ್ ಅಲ್ಲಿ ಉಳಿದಿರುತ್ತದೆ. ಬ್ಯಾಕಪ್ ನಿಧಾನವಾದರೆ ಆಗಲಿ, ಯಾರಿಗೂ ಗೊತ್ತಾಗಲ್ಲ.

ಮುಂದಿನ ಶನಿವಾರ ಮತ್ತೆ ಫೋನ್. ಈ ಸಲ ಡೌನ್‌ಲೋಡ್ ತುಂಬಿತ್ತು, ತಿನ್ನುತ್ತಿದ್ದದ್ದು ರಿಸೆಪ್ಶನ್ ಲ್ಯಾಪ್‌ಟಾಪ್. ವಾರವಿಡೀ ಮುಚ್ಚಿಟ್ಟು ಶನಿವಾರ ಬಿಲ್ ಮಾಡಲು ತೆರೆಯುತ್ತಾರೆ, ಬಾಕಿ ಇದ್ದ ವಿಂಡೋಸ್ ಅಪ್‌ಡೇಟ್ ಆಗಲೇ ಇಳಿಯುತ್ತದೆ. ಫೋನ್‌ನಲ್ಲೇ ಹೇಳಿ, ಅಪ್‌ಡೇಟ್ ತಾನಾಗೇ ಇಳಿಯದಂತೆ ತಡೆಯುವ Metered connection ಆನ್ ಮಾಡಿಸಿದೆ. ಸೋಮವಾರ ಬೆಳಿಗ್ಗೆ ಅದನ್ನು ಆಫ್ ಮಾಡಿ, ಅಪ್‌ಡೇಟ್ ಒತ್ತಿ, ಮುಗಿದ ಮೇಲೆ ಮತ್ತೆ ಆನ್ ಮಾಡಿ ಅಂದೆ. ಗೌಡ್ರಿಗೆ ಇದೊಂದು ಮರೆಯುತ್ತದೆ.

ಬದಲಾಯಿಸಿದ ಹಳೇ ಒಎನ್‌ಯು ಇನ್ನೂ ನನ್ನ ಬೈಕಿನ ಬ್ಯಾಗಲ್ಲೇ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ದುಡ್ಡು ವಾಪಸ್ ಕೊಡೋಕೆ ಆಫೀಸು ಒಪ್ಪಲಿಲ್ಲ, ಹಾಗಾಗಿ ಗೌಡ್ರ ಎರಡು ತಿಂಗಳ ಬಿಲ್ ನಾನೇ ಕಟ್ಟಿದೆ.