ಸಂಚಕಾರಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಲಿ?

ಧಾರವಾಡದಲ್ಲಿ ಕಾಗದಪತ್ರಗಳ ಅನುವಾದ ನನ್ನ ಕೆಲಸ. ಈಚೆಗೆ ನವಲೂರು ಕಡೆಯ ಒಂದು ಪ್ಲಾಟಿನ ಖರೀದಿ ಕರಾರು ಪತ್ರ ಬಂತು. ಕೊಳ್ಳುವವರು ಜರ್ಮನಿಯಲ್ಲಿದ್ದಾರೆ, ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಸಹಿ ಆಗುವುದು ಕನ್ನಡದ ಪ್ರತಿಗೇ. ಇಂಗ್ಲಿಷ್ ಪ್ರತಿ ಅವರು ಮತ್ತು ಅವರ ವಕೀಲರು ಓದಿ ತಿಳಿಯಲಿಕ್ಕೆ ಮಾತ್ರ.

ಇಂಥ ಪತ್ರ ಕೈಗೆ ಬಂದಾಗ ನಾನು ಮೊದಲು ನೋಡುವುದು ಜಮೀನಿನ ವರ್ಣನೆ. ಅನಿವಾಸಿ ಭಾರತೀಯರು ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿ ಮಾಡುವಂತಿಲ್ಲ. ಈ ಪತ್ರದಲ್ಲಿ ‘ಬಿನ್‌ಶೇತ್ಕಿ ಪ್ಲಾಟು’ ಎಂದಿತ್ತು. ಬೇಸಾಯೇತರ ಎಂದು ಅರ್ಥ. ಆದರೆ ಪತ್ರದಲ್ಲಿ ಹಾಗೆ ಬರೆದ ಮಾತ್ರಕ್ಕೆ ಜಮೀನು ಬಿನ್‌ಶೇತ್ಕಿ ಆಗುವುದಿಲ್ಲ, ಅದಕ್ಕೆ ಆದೇಶ ಬೇಕು. ಆದೇಶದ ನಂಬರು, ತಾರೀಖು ಪತ್ರದಲ್ಲಿ ಇಲ್ಲ ಎಂದು ಟಿಪ್ಪಣಿ ಹಾಕಿದೆ.

ಕ್ಷೇತ್ರದ ಜಾಗದಲ್ಲಿ ‘0-2-4’ ಎಂದಿತ್ತು. ನಮ್ಮ ಕಡೆಯವರಿಗೆ ಇದು ಎಕರೆ, ಗುಂಟೆ, ಆಣೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಹೊರಗಿನವರು ಎರಡು ಪಾಯಿಂಟ್ ನಾಲ್ಕು ಗುಂಟೆ ಎಂದು ಓದಬಹುದು. 16 ಆಣೆಗೆ ಒಂದು ಗುಂಟೆ, ಗುಂಟೆಗೆ 1089 ಚದರ ಅಡಿ. ಅಲ್ಲಿಗೆ ಎರಡು ಗುಂಟೆ ನಾಲ್ಕು ಆಣೆ ಎಂದರೆ 2450 ಚದರ ಅಡಿ ಚಿಲ್ಲರೆ. ಕೆಳಗೆ ಚಕ್ಬಂದಿಯಲ್ಲಿ ಪ್ಲಾಟಿನ ಅಳತೆ 40 ಅಡಿ, 60 ಅಡಿ ಎಂದಿದೆ, ಅಂದರೆ 2400. ಐವತ್ತು ಚದರ ಅಡಿ ಎಲ್ಲಿ ಹೋಯಿತು ಎಂದು ಹುಡುಕುವುದು ಸರ್ವೆಯವರ ಕೆಲಸ. ನಾನು ಎರಡೂ ಅಂಕಿ ಇದ್ದಂತೆಯೇ ಇಟ್ಟು, ಒಂದಕ್ಕೊಂದು ತಾಳೆ ಆಗುತ್ತಿಲ್ಲ ಎಂದು ಬರೆದೆ. ತಪ್ಪಿರಬಹುದು ಅನಿಸಿದರೂ ಅನುವಾದದಲ್ಲಿ ತಿದ್ದಬಾರದು. ತಿದ್ದಿದರೆ ಓದುವವರಿಗೆ ಆ ಫರಕೇ ಕಾಣುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಸಂಚಕಾರ, ಅಂದರೆ ವ್ಯವಹಾರ ಗಟ್ಟಿ ಮಾಡಲು ಮೊದಲೇ ಕೊಡುವ ಹಣ. ಒಟ್ಟು ರಕಮು 38 ಲಕ್ಷ. ಮೂರನೆಯ ಕಲಮಿನಲ್ಲಿ ‘ಸಂಚಕಾರವೆಂದು 6 ಲಕ್ಷ ರೂಪಾಯಿ ಮುಟ್ಟಿದೆ’ ಎಂದಿದೆ. ಐದನೆಯದರಲ್ಲಿ ಅದೇ ಆರು ಲಕ್ಷ ‘ಮುಂಗಡ’ವಾಗಿದೆ. ಎಂಟನೆಯದರಲ್ಲಿ, ಖರೀದಿದಾರರು ಮುದತ್ತಿನೊಳಗೆ ಬಾಕಿ ಕೊಡದಿದ್ದರೆ ‘ಸಂಚಕಾರದ ರಕಮು ಜಪ್ತಾಗತಕ್ಕದ್ದು’.

ಮಾತಿನಲ್ಲಿ ಎರಡೂ ಒಂದೇ. ಕೋರ್ಟಿನಲ್ಲಿ ಹಾಗಲ್ಲ. ಸತೀಶ್ ಬಾತ್ರಾ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ವ್ಯವಹಾರ ಪೂರ್ತಿ ಮಾಡುತ್ತೇನೆ ಎಂಬ ಖಾತ್ರಿಗೆ ಕೊಟ್ಟ ಹಣವನ್ನು, ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ, ಕೊಳ್ಳುವವರು ತಪ್ಪಿದಾಗ ಮಾರುವವರು ಇಟ್ಟುಕೊಳ್ಳಬಹುದು, ಬರೀ ಬೆಲೆಯ ಒಂದು ಕಂತಾಗಿ ಕೊಟ್ಟದ್ದನ್ನು ಇಟ್ಟುಕೊಳ್ಳುವಂತಿಲ್ಲ. ಈಗ ನಾನು ಎಲ್ಲಾ ಕಡೆ ‘ಅಡ್ವಾನ್ಸ್’ ಎಂದು ಬರೆದರೆ ಎಂಟನೆಯ ಕಲಮಿನ ಬಿಸಿ ಖರೀದಿದಾರರಿಗೆ ತಟ್ಟುವುದಿಲ್ಲ. ಎಲ್ಲಾ ಕಡೆ ‘ಅರ್ನೆಸ್ಟ್ ಮನಿ’ ಎಂದರೆ ಐದನೆಯ ಕಲಮಿನಲ್ಲಿ ಅವರ ಪರವಾಗಿ ಇರಬಹುದಾದ ವಾದವನ್ನು ನಾನೇ ಅಳಿಸಿದಂತೆ.

ಅದಕ್ಕೇ ಮೂರು ಮತ್ತು ಎಂಟರಲ್ಲಿ ‘ಸಂಚಕಾರ’ವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಉಳಿಸಿದೆ, ಐದರಲ್ಲಿ ‘ಅಡ್ವಾನ್ಸ್’ ಹಾಕಿದೆ. ಅಡಿಟಿಪ್ಪಣಿಯಲ್ಲಿ ಹೀಗೆ ಬರೆದೆ: ಇದಕ್ಕೆ ಹತ್ತಿರದ ಮಾತು ಅರ್ನೆಸ್ಟ್ ಮನಿ, ಆದರೆ ಉತ್ತರ ಕರ್ನಾಟಕದಲ್ಲಿ ಸಾದಾ ಮುಂಗಡಕ್ಕೂ ಹೀಗೇ ಅನ್ನುತ್ತಾರೆ, ಮೂಲದಲ್ಲಿ ಒಂದೇ ಹಣಕ್ಕೆ ಎರಡು ಹೆಸರಿವೆ, ಯಾವ ಅರ್ಥ ಹಿಡಿಯಬೇಕೆಂದು ವಕೀಲರನ್ನು ಕೇಳಿ. ನನ್ನ ಟಿಪ್ಪಣಿ ಅಲ್ಲಿಗೆ ನಿಂತಿತು. ಹಣ ವಾಪಸ್ ಬರುತ್ತದೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸವಲ್ಲ.

‘ಕಬ್ಜಾ ವಹಿವಾಟಿ’ಯೂ ಹೀಗೆಯೇ. ಹೊಸಬರು ವಹಿವಾಟಿಯನ್ನು ವ್ಯಾಪಾರ ಎಂದು ತಿಳಿದು ‘ಟ್ರಾನ್ಸಾಕ್ಷನ್’ ಮಾಡಿಬಿಡುತ್ತಾರೆ. ಖರೀದಿ ಕಾಗದಗಳಲ್ಲಿ ಅದು ಆಸ್ತಿಯನ್ನು ಸ್ವಾಧೀನದಲ್ಲಿಟ್ಟುಕೊಂಡು ಅನುಭವಿಸುವುದು. ಇಲ್ಲಿ ಕ್ರಿಯಾಪದವನ್ನೂ ಬಿಡದೆ ನೋಡಬೇಕು: ‘ಬಿಟ್ಟುಕೊಟ್ಟಿದೆ’ ಎಂದಿದೆಯೋ, ‘ಬಿಟ್ಟುಕೊಡತಕ್ಕದ್ದು’ ಎಂದಿದೆಯೋ? ಕಬ್ಜಾ ಈಗಲೇ ಕೊಟ್ಟಿದ್ದರೆ ಕರ್ನಾಟಕದಲ್ಲಿ ಕರಾರಿಗೇ ಖರೀದಿ ಪತ್ರದಷ್ಟು ಮುದ್ರಾಂಕ ಶುಲ್ಕ ಬೀಳುತ್ತದೆ. 2001ರ ತಿದ್ದುಪಡಿಯ ನಂತರ, ಅಂಥ ಕರಾರನ್ನು ನೋಂದಣಿ ಮಾಡಿಸದಿದ್ದರೆ ಕಬ್ಜಾ ಉಳಿಸಿಕೊಳ್ಳಲು ಕಾನೂನಿನ ರಕ್ಷಣೆಯೂ ಸಿಗುವುದಿಲ್ಲ. ನಮ್ಮ ಪತ್ರದಲ್ಲಿ ‘ಕೊಡತಕ್ಕದ್ದು’ ಎಂದೇ ಇತ್ತು.

ಟಿಪ್ಪಣಿ ಓದಿದ ವಕೀಲರು ಪತ್ರ ಬರೆದ ಬಾಂಡ್ ರೈಟರ್‌ಗೆ ಫೋನ್ ಹಚ್ಚಿದರು. ಅವರು ನನಗೆ ಫೋನ್ ಮಾಡಿ, “ಅಕ್ಕಾರ, ನಾವು ಮೊದಲಿಂದ ಹಿಂಗ ಬರಕೋಂತ ಬಂದೀವ್ರೀ, ಯಾರೂ ಕೇಳಿದ್ದಿಲ್ಲ” ಅಂದರು. ಸಿಟ್ಟೇನೂ ಇರಲಿಲ್ಲ. ಕಲಮು ಮೂರು ಮತ್ತು ಐದನ್ನು ಬದಲಿಸಿದರು. ಆರು ಲಕ್ಷದಲ್ಲಿ ಒಂದು ಲಕ್ಷ ಮಾತ್ರ ಸಂಚಕಾರ, ಉಳಿದ ಐದು ಮುಂಗಡ, ವ್ಯವಹಾರ ಮುರಿದರೆ ಮುಂಗಡ ವಾಪಸ್ ಎಂದಾಯಿತು. ಅಳತೆಯ ಮಾತು ಇನ್ನೂ ಮುಗಿದಿಲ್ಲ. ಸರ್ವೆ ಆದ ಮೇಲೆ ಹೊಸ ಕ್ಷೇತ್ರದೊಂದಿಗೆ ಪತ್ರ ಮತ್ತೆ ನನ್ನ ಮೇಜಿಗೆ ಬರಬೇಕು.